ಹುಳುಕಡ್ಡಿ ಮತ್ತು ನಾಣ್ಯ ಇಸುಬು

ಮಳೆಗಾಲದ ತೇವದಲ್ಲಿ ಮೈಮೇಲೆ ದುಂಡಗೆ ಎದ್ದು ತುರಿಸುವ ಮಚ್ಚೆಗಳಿಗೆ ಹೆಚ್ಚಾಗಿ ಎರಡು ಕಾರಣಗಳಿರುತ್ತವೆ. ಒಂದು, ಚರ್ಮದ ಹೊರಪದರವನ್ನು ತಿಂದು ಬದುಕುವ ಶಿಲೀಂಧ್ರದ ಸೋಂಕು. ಇದನ್ನು ಜನ ಹುಳುಕಡ್ಡಿ ಎನ್ನುತ್ತಾರೆ, ಕೆಲವು ಕಡೆ ಗಜಕರ್ಣ ಎನ್ನುತ್ತಾರೆ. ವೈದ್ಯರ ಬಾಯಲ್ಲಿ ಅದು ಟೀನಿಯಾ. ಇನ್ನೊಂದು ಇಸುಬು, ಅಂದರೆ ಎಕ್ಸಿಮಾ. ಇದು ಸೋಂಕಲ್ಲ, ಚರ್ಮದ ತಡೆಗೋಡೆ ಕೆಟ್ಟಾಗ ಅಲ್ಲಿ ಉಂಟಾಗುವ ಉರಿಯೂತ. ಇಸುಬಿನ ಹಲವು ಬಗೆಗಳಲ್ಲಿ ನಾಣ್ಯದಷ್ಟು ಗಾತ್ರದಲ್ಲಿ ದುಂಡಗೆ ಏಳುವ ನಾಣ್ಯ ಇಸುಬೇ ಹುಳುಕಡ್ಡಿಯೊಂದಿಗೆ ಹೆಚ್ಚು ಗೊಂದಲ ಹುಟ್ಟಿಸುತ್ತದೆ.

ಎರಡೂ ದುಂಡಗಿರುತ್ತವೆ, ಎರಡೂ ವಿಪರೀತ ತುರಿಸುತ್ತವೆ, ಎರಡರಲ್ಲೂ ಹೊಟ್ಟು ಏಳುತ್ತದೆ. ಆದರೆ ಒಂದಕ್ಕೆ ಮದ್ದಾಗುವ ಸ್ಟೀರಾಯ್ಡ್ ಮುಲಾಮು ಇನ್ನೊಂದಕ್ಕೆ ಗೊಬ್ಬರವಾಗುತ್ತದೆ. ಅದೂ ಕೂಡಲೇ ತಿಳಿಯುವುದಿಲ್ಲ. ಮೊದಲ ವಾರ ಎರಡರಲ್ಲೂ ತುರಿಕೆ ಇಳಿಯುತ್ತದೆ, ಕೆಂಪು ಮಾಸುತ್ತದೆ, ಹಚ್ಚಿಕೊಂಡವರಿಗೆ ಸರಿಯಾದ ಮದ್ದೇ ಸಿಕ್ಕಿತೆಂಬ ನೆಮ್ಮದಿಯಾಗುತ್ತದೆ. ಆದ್ದರಿಂದ ಇವೆರಡನ್ನು ಬೇರೆ ಮಾಡಿ ನೋಡುವ ಕೆಲಸ ಮುಲಾಮು ಹಚ್ಚುವ ಮೊದಲೇ ಆಗಬೇಕು. ಹಚ್ಚಿದ ಮೇಲೆ ಗುರುತುಗಳು ಅಳಿಸಿಹೋಗುತ್ತವೆ.

ಹೆಸರುಗಳು

ಹುಳುಕಡ್ಡಿಯ ಹೆಸರಿನಲ್ಲಿ ಹುಳುವಿದೆ, ಕಾಯಿಲೆಯಲ್ಲಿ ಹುಳುವಿಲ್ಲ. ಬಳ್ಳಿಯಂತೆ ಬಳಸಿಕೊಂಡು ಬೆಳೆಯುವ ಕೆಂಪು ಅಂಚನ್ನು ಕಂಡವರಿಗೆ ಚರ್ಮದ ಅಡಿಯಲ್ಲಿ ಹುಳುವೊಂದು ಸುತ್ತುತ್ತಿದೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಟೀನಿಯಾ ಎಂಬ ಲ್ಯಾಟಿನ್ ಪದದ ಅರ್ಥವೂ ಬಟ್ಟೆ ಕೊರೆಯುವ ಹುಳು ಎಂದೇ. ಇದಕ್ಕೆ ಕಾರಣ ಹುಳುವಲ್ಲ, ಬೂಷ್ಟಿನ ಜಾತಿಯ ಶಿಲೀಂಧ್ರ ಎಂಬುದು ಖಚಿತವಾದದ್ದು 1840ರ ದಶಕದಲ್ಲಿ. ಪ್ಯಾರಿಸ್ಸಿನಲ್ಲಿದ್ದ ಡೇವಿಡ್ ಗ್ರೂಬಿ ಎಂಬ ವೈದ್ಯ ಸೂಕ್ಷ್ಮದರ್ಶಕದಲ್ಲಿ ಅದರ ಎಳೆಗಳನ್ನು ಕಂಡು ವಿವರಿಸಿದ. ನಾಣ್ಯ ಇಸುಬಿಗೆ ಆ ಹೆಸರು ಬಂದದ್ದು 1857ರಲ್ಲಿ, ಫ್ರಾನ್ಸಿನ ದೆವೆರ್ಜಿಯಿಂದ.

ನಮ್ಮ ಹಳೆಯ ವೈದ್ಯಗ್ರಂಥಗಳೂ ಎರಡನ್ನು ಬೇರೆಯಾಗಿಯೇ ಕಂಡಿವೆ. ಚರಕಸಂಹಿತೆ ದದ್ರು ಮತ್ತು ವಿಚರ್ಚಿಕೆ ಎಂಬ ಎರಡು ಚರ್ಮರೋಗಗಳನ್ನು ಹೇಳುತ್ತದೆ. ದದ್ರುವಿನ ಲಕ್ಷಣಗಳು ತುರಿಕೆ, ಕೆಂಪು ಗುಳ್ಳೆ ಮತ್ತು ಎದ್ದುನಿಂತ ಮಂಡಲ. ವಿಚರ್ಚಿಕೆಯ ಲಕ್ಷಣಗಳು ತುರಿಕೆ, ಕಪ್ಪಿಟ್ಟ ಗುಳ್ಳೆ ಮತ್ತು ಹೇರಳವಾಗಿ ಸೋರುವ ನೀರು. ಇಂದಿನ ಆಯುರ್ವೇದ ವೈದ್ಯರು ಸಾಮಾನ್ಯವಾಗಿ ಮೊದಲನೆಯದನ್ನು ಹುಳುಕಡ್ಡಿಯೊಂದಿಗೂ ಎರಡನೆಯದನ್ನು ಇಸುಬಿನೊಂದಿಗೂ ಹೊಂದಿಸುತ್ತಾರೆ. ಒಂದರಲ್ಲಿ ಎದ್ದ ಅಂಚು, ಇನ್ನೊಂದರಲ್ಲಿ ಸೋರುವ ನೀರು. ಈಗಲೂ ಚರ್ಮವೈದ್ಯರ ಕಣ್ಣು ಮೊದಲು ಹುಡುಕುವುದು ಇವೆರಡನ್ನೇ.

ಉಂಗುರ ಮೂಡುವ ಬಗೆ

ಹುಳುಕಡ್ಡಿ ತರುವ ಶಿಲೀಂಧ್ರಗಳ ಆಹಾರ ಕೆರಟಿನ್. ಚರ್ಮದ ತೀರಾ ಹೊರಗಿನ ಸತ್ತ ಪದರ, ಕೂದಲು ಮತ್ತು ಉಗುರು ಆಗಿರುವುದು ಈ ವಸ್ತುವಿನಿಂದ. ಭಾರತದಲ್ಲಿ ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಟ್ರೈಕೊಫೈಟಾನ್ ಕುಲದವು. ಇವು ಜೀವಂತ ಚರ್ಮದ ಆಳಕ್ಕೆ ಸಾಧಾರಣವಾಗಿ ಇಳಿಯುವುದಿಲ್ಲ, ಮೇಲಿನ ಸತ್ತ ಪದರದಲ್ಲೇ ಹರಡಿಕೊಳ್ಳುತ್ತವೆ. ಸೋಂಕಿದ ವ್ಯಕ್ತಿಯ ಮೈಯಿಂದಲೋ ಟವೆಲಿನಿಂದಲೋ ಉದುರಿದ ಹೊಟ್ಟಿನಲ್ಲಿ ಶಿಲೀಂಧ್ರದ ಬೀಜಕಣಗಳಿರುತ್ತವೆ. ಅವು ತೇವದ ಚರ್ಮಕ್ಕೆ ಅಂಟಿ, ಮೊಳೆತು, ಎಳೆ ಬಿಟ್ಟು, ಕೆರಟಿನ್ನನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತವೆ. ಅಂಟಿದ ಒಂದರಿಂದ ಮೂರು ವಾರಗಳಲ್ಲಿ ಮೊದಲ ಕೆಂಪು ಚುಕ್ಕೆ ಕಾಣಿಸಿಕೊಳ್ಳುತ್ತದೆ.

ಆ ಚುಕ್ಕೆ ಉಂಗುರವಾಗುವುದಕ್ಕೆ ಕಾರಣ ಶಿಲೀಂಧ್ರಕ್ಕೂ ದೇಹಕ್ಕೂ ನಡೆಯುವ ಪೈಪೋಟಿ. ಶಿಲೀಂಧ್ರದ ಸುಳಿವು ಸಿಕ್ಕ ಕೂಡಲೇ ದೇಹ ಅಲ್ಲಿ ಉರಿಯೂತ ಎಬ್ಬಿಸುತ್ತದೆ, ಚರ್ಮದ ಕೋಶಗಳು ಬೇಗ ಬೇಗ ಬೆಳೆದು ಮೇಲಕ್ಕೆ ಬಂದು ಉದುರತೊಡಗುತ್ತವೆ. ಉದುರುವ ಹೊಟ್ಟಿನ ಜೊತೆಗೆ ಶಿಲೀಂಧ್ರವೂ ಹೊರಬೀಳುತ್ತದೆ. ಹೀಗೆ ಮೊದಲು ಸೋಂಕು ತಗುಲಿದ ನಡುಭಾಗ ಮೊದಲು ತಿಳಿಯಾಗುತ್ತದೆ. ಹೊರಗಿನ ಸುತ್ತಿನಲ್ಲಿ ಮಾತ್ರ ಎಳೆಗಳು ದೇಹದ ಪ್ರತಿರೋಧಕ್ಕಿಂತ ಒಂದು ಹೆಜ್ಜೆ ಮುಂದೆ ಇದ್ದು ಹೊಸ ಚರ್ಮಕ್ಕೆ ಹಬ್ಬುತ್ತವೆ. ಹುಲ್ಲುಗಾವಲಿಗೆ ಬಿದ್ದ ಕಿಡಿ ನಡುವೆ ಬೂದಿಯಾಗಿ ಸುತ್ತ ಉರಿಯುತ್ತ ಹೋಗುವ ಹಾಗೆ ಇದೂ ಹೊರಮುಖವಾಗಿ ಬೆಳೆಯುತ್ತದೆ. ಹಾಗಾಗಿ ಜೀವಂತ ಶಿಲೀಂಧ್ರ ಹೆಚ್ಚಾಗಿರುವುದು ಅಂಚಿನಲ್ಲಿ. ಮುಂದೆ ಬರುವ ಪರೀಕ್ಷೆಯೂ ಮುಲಾಮು ಹಚ್ಚುವ ಕ್ರಮವೂ ಈ ಒಂದು ಸಂಗತಿಯ ಮೇಲೆ ನಿಂತಿವೆ.

ನಾಣ್ಯ ಇಸುಬು

ನಾಣ್ಯ ಇಸುಬಿನಲ್ಲಿ ಹೊರಗಿನಿಂದ ಬಂದು ಹಬ್ಬುವ ಜೀವಿ ಯಾವುದೂ ಇಲ್ಲ. ಚರ್ಮದ ಹೊರಪದರ ಒಣಗಿ ಸೂಕ್ಷ್ಮವಾಗಿ ಬಿರಿದಾಗ, ಸೋಪು, ಬೆವರು, ಸೊಳ್ಳೆಕಡಿತ, ಉಜ್ಜುವ ಬಟ್ಟೆ ಇಂಥ ಯಾವುದೋ ಕೆರಳಿಕೆ ಒಳಗೆ ತಟ್ಟುತ್ತದೆ. ಅಲ್ಲಿ ಕೋಶಗಳ ನಡುವೆ ನೀರು ತುಂಬಿ ಚರ್ಮ ಸ್ಪಂಜಿನಂತಾಗುತ್ತದೆ. ಮೊದಲು ಸಾಸಿವೆಗಿಂತ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ. ಒಂದೆರಡು ದಿನದಲ್ಲಿ ಅವು ಕೂಡಿಕೊಂಡು ದುಂಡನೆಯ ಬಿಲ್ಲೆಯಾಗುತ್ತವೆ, ಒಡೆದು ನೀರು ಸುರಿಸುತ್ತವೆ, ಆ ನೀರು ಒಣಗಿ ಹಳದಿ ಹಕ್ಕಳೆ ಕಟ್ಟುತ್ತದೆ. ಕೆಲವು ವಾರಗಳಲ್ಲಿ ಮಚ್ಚೆ ಒಣಗಿ ದಪ್ಪವಾಗಿ, ಕಂದು ಬಣ್ಣಕ್ಕೆ ತಿರುಗಿ ಹೊಟ್ಟೇಳುತ್ತದೆ. ಗಾತ್ರ ಸಾಮಾನ್ಯವಾಗಿ 1ರಿಂದ 5 ಸೆಂಟಿಮೀಟರ್. ಮೊಣಕಾಲಿನ ಕೆಳಗಿನ ಭಾಗ, ಮುಂಗೈ, ಅಂಗೈಯ ಹಿಂಬದಿ ಇದಕ್ಕೆ ಮೆಚ್ಚಿನ ಜಾಗಗಳು.

ಬಿಲ್ಲೆಯ ನಡುವೆಯೂ ಅಂಚಿನಲ್ಲೂ ಕಾಯಿಲೆ ಒಂದೇ ಹದದಲ್ಲಿರುವುದು ಇಸುಬಿನ ಸ್ವಭಾವ. ಇಡೀ ಬಿಲ್ಲೆ ಒಟ್ಟಿಗೆ ಕೆರಳುತ್ತದೆ, ಒಟ್ಟಿಗೆ ಶಮನವಾಗುತ್ತದೆ. ಆದರೂ ಹಳೆಯ ಬಿಲ್ಲೆಯೊಂದು ನಡುವಿನಿಂದ ವಾಸಿಯಾಗುತ್ತ ಬಂದರೆ ಉಂಗುರದಂತೆಯೇ ಕಾಣಬಹುದು. ಬರಿಗಣ್ಣಿನ ನಿರ್ಣಯ ಹೆಚ್ಚಾಗಿ ತಪ್ಪುವುದು ಇಂಥ ಮಚ್ಚೆಗಳಲ್ಲಿ.

ತೇವದ ಪಾತ್ರ

ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಎರಡು ದಿನವಾದರೂ ಪೂರ್ತಿ ಒಣಗುವುದಿಲ್ಲ. ಮುಟ್ಟಿದರೆ ಒಣಗಿದಂತಿರುವ ಒಳಉಡುಪಿನ ಎಲಾಸ್ಟಿಕ್ ಪಟ್ಟಿಯಲ್ಲಿ, ಲಂಗದ ಲಾಡಿಯಲ್ಲಿ, ಸೊಂಟದ ಉಡಿದಾರದಲ್ಲಿ ತೇವ ಉಳಿದಿರುತ್ತದೆ. ಅದು ದಿನವಿಡೀ ಚರ್ಮಕ್ಕೆ ಒತ್ತಿಕೊಂಡಿದ್ದು, ಬೆವರೂ ಸೇರಿಕೊಂಡರೆ ಹೊರಪದರ ನೀರು ಹೀರಿ ಮೆತ್ತಗಾಗುತ್ತದೆ. ಶಿಲೀಂಧ್ರದ ಬೀಜಕಣ ಮೊಳೆಯಲು ಬೇಕಾದದ್ದು ಇಂಥ ನೆಲವೇ. ಹುಳುಕಡ್ಡಿ ಹೆಚ್ಚಾಗಿ ಸೊಂಟದ ಸುತ್ತ, ತೊಡೆಸಂದಿಯಲ್ಲಿ, ಪಿರ್ರೆಯ ಮೇಲೆ, ಸ್ತನದ ಕೆಳಗೆ, ಕಂಕುಳಿನಲ್ಲಿ ಏಳುವುದು ಇದರಿಂದಲೇ. ಉಡಿದಾರದ ನೂಲಿಗೆ ಸೋಂಕಿನ ಹೊಟ್ಟು ಅಂಟಿಕೊಂಡು ಉಳಿಯುತ್ತದೆ. ಮದ್ದು ಹಚ್ಚಿದಷ್ಟೂ ಕಾಯಿಲೆ ಅದೇ ಗೆರೆಯಲ್ಲಿ ಮರಳುತ್ತಿದ್ದರೆ ವೈದ್ಯರು ಮೊದಲು ಉಡಿದಾರ ಬಿಚ್ಚಲು ಹೇಳುತ್ತಾರೆ.

ನಾಣ್ಯ ಇಸುಬು ಬಹುಮಟ್ಟಿಗೆ ಒಣಹವೆಯ ಕಾಯಿಲೆ, ಚಳಿಗಾಲದಲ್ಲಿ ಹೆಚ್ಚುತ್ತದೆ. ಆದರೆ ಮಳೆಗಾಲ ಅದನ್ನು ಬಿಟ್ಟುಬಿಡುವುದಿಲ್ಲ. ಕೆಸರಿನಲ್ಲಿ ಗದ್ದೆ ಕೆಲಸ, ದಿನವಿಡೀ ಪಾತ್ರೆ ತೊಳೆಯುವ ಸೋಪಿನ ನೀರು, ಕಾಲಿಗೆ ಅಂಟುವ ಗಂಬೂಟು, ಸೊಳ್ಳೆ ಮತ್ತು ಇಂಬಳದ ಕಡಿತ ಇವೆಲ್ಲ ಚರ್ಮದ ತಡೆಗೋಡೆಯನ್ನು ಕೆಡಿಸುತ್ತವೆ. ತುರಿಕೆ ಕಂಡ ಕೂಡಲೇ ಬಿಸಿನೀರು ಮತ್ತು ಕ್ರಿಮಿನಾಶಕ ಸೋಪು ಹಾಕಿ ಉಜ್ಜುವ ಅಭ್ಯಾಸ ಇನ್ನಷ್ಟು ಒಣಗಿಸುತ್ತದೆ. ಸುತ್ತಲ ಗಾಳಿಯಲ್ಲಿ ಎಷ್ಟೇ ತೇವವಿದ್ದರೂ ಆ ಚರ್ಮ ಒಳಗಿಂದ ಒಣಗಿಯೇ ಇರುತ್ತದೆ. ಹೀಗಾಗಿ ಋತುವನ್ನು ನೋಡಿ ಕಾಯಿಲೆ ಹೇಳಲಾಗುವುದಿಲ್ಲ.

ಕಣ್ಣಿಗೆ ಕಾಣುವ ವ್ಯತ್ಯಾಸಗಳು

ಮಚ್ಚೆಯನ್ನು ಹಗಲು ಬೆಳಕಿನಲ್ಲಿ, ಬೆಳಕು ಓರೆಯಾಗಿ ಬೀಳುವಂತೆ ನಿಂತು ನೋಡಬೇಕು. ಹುಳುಕಡ್ಡಿಯಲ್ಲಿ ಅಂಚು ಸಣ್ಣ ಬದುವಿನಂತೆ ಎದ್ದಿರುತ್ತದೆ. ಅದರ ಮೇಲೆ ಸಣ್ಣ ಸಣ್ಣ ಗುಳ್ಳೆಗಳು, ಹೊರಮೈಯಲ್ಲಿ ನವಿರಾದ ಬಿಳಿ ಹೊಟ್ಟು. ಬೆರಳ ತುದಿಯನ್ನು ಹೊರಗಿನಿಂದ ಒಳಕ್ಕೆ ಸರಿಸಿದರೆ ಬದು ದಾಟಿ ತಗ್ಗಿಗೆ ಇಳಿದದ್ದು ತಿಳಿಯುತ್ತದೆ. ನಡುಭಾಗ ಸಪಾಟಾಗಿ, ತುಸು ಕಂದಾಗಿ, ಬಹುಪಾಲು ಆರೋಗ್ಯದ ಚರ್ಮದಂತೆಯೇ ಇರುತ್ತದೆ. ಇಸುಬಿನ ಬಿಲ್ಲೆಯಲ್ಲಿ ಆ ಬದು ಸಿಗುವುದಿಲ್ಲ. ನಡುವೆಯೂ ಅಂಚಿನಲ್ಲೂ ಅಷ್ಟೇ ದಪ್ಪ, ಅಷ್ಟೇ ಕೆಂಪು. ಹೊಸದಾಗಿದ್ದರೆ ಒದ್ದೆ ಅಥವಾ ಹಕ್ಕಳೆ, ಹಳೆಯದಾಗಿದ್ದರೆ ದಪ್ಪಗಟ್ಟಿದ ಒರಟು ಚರ್ಮ. ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಅಲ್ಲಿ ಮಚ್ಚೆ ನೇರಳೆಗಪ್ಪಾಗಿ ಅಥವಾ ಕಂದಾಗಿ ತೋರುತ್ತದೆ. ಆಗ ಬಣ್ಣಕ್ಕಿಂತ ಬೆರಳಿಗೆ ಸಿಗುವ ಬದುವನ್ನು ನಂಬುವುದು ಮೇಲು.

ಎರಡನೆಯ ಸುಳಿವು ಬೆಳವಣಿಗೆ. ಮಚ್ಚೆಯ ಹೊರ ಅಂಚಿಗೆ ತಾಗಿದಂತೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಬಹುದು. ಗೆರೆ ಅಳಿಸದಂತೆ ದಿನವೂ ತಿದ್ದುತ್ತಿದ್ದರೆ, ಮದ್ದು ಹಚ್ಚದ ಹುಳುಕಡ್ಡಿ ವಾರ ಎರಡು ವಾರದಲ್ಲಿ ಆ ಗೆರೆಯನ್ನು ದಾಟಿ ಹೊರಗೆ ಹೋಗಿರುತ್ತದೆ. ಇಸುಬಿನ ಬಿಲ್ಲೆ ಸಾಮಾನ್ಯವಾಗಿ ಒಂದು ಗಾತ್ರಕ್ಕೆ ಬಂದು ಅಲ್ಲೇ ಕೂತುಬಿಡುತ್ತದೆ. ಬೇರೆ ಜಾಗದಲ್ಲಿ ಹೊಸ ಬಿಲ್ಲೆ ಏಳಬಹುದು, ಹಳೆಯದು ಹಿಗ್ಗುವುದು ಕಡಿಮೆ.

ಮೂರನೆಯದು ಜಾಗ ಮತ್ತು ಜೋಡಿ. ಇಸುಬು ಎರಡೂ ಕಾಲುಗಳಲ್ಲಿ, ಎರಡೂ ಕೈಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಏಳಲು ಇಷ್ಟಪಡುತ್ತದೆ. ಹುಳುಕಡ್ಡಿ ಒಂದು ಬದಿಯಲ್ಲಿ ಶುರುವಾಗಿ ಎತ್ತಂದರತ್ತ ಹಬ್ಬುತ್ತದೆ. ನಾಲ್ಕನೆಯದು ಮನೆ. ಮನೆಯಲ್ಲಿ ಇನ್ನೊಬ್ಬರಿಗೆ, ಅದರಲ್ಲೂ ಒಂದೇ ಹಾಸಿಗೆ ಅಥವಾ ಒಂದೇ ಟವೆಲು ಬಳಸುವವರಿಗೆ, ಅಂಥದ್ದೇ ತುರಿಕೆ ಇದ್ದರೆ ಹುಳುಕಡ್ಡಿಯ ಸಂಶಯ ಬಲವಾಗುತ್ತದೆ. ಇಸುಬು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮನೆಯ ಬೆಕ್ಕು ಅಥವಾ ನಾಯಿಮರಿಯ ಮೈಮೇಲೆ ರೋಮ ಉದುರಿದ ದುಂಡನೆಯ ಮಚ್ಚೆ ಇದೆಯೇ ಎಂಬುದನ್ನೂ ನೋಡಬೇಕು. ಪ್ರಾಣಿಗಳಿಂದ ಬರುವ ಹುಳುಕಡ್ಡಿ ಮಕ್ಕಳಲ್ಲಿ ಹೆಚ್ಚು.

ಈ ನಾಲ್ಕು ಸುಳಿವುಗಳಲ್ಲಿ ಯಾವುದೂ ಒಂಟಿಯಾಗಿ ತೀರ್ಪು ಕೊಡಲಾರದು. ನಾಲ್ಕೂ ಒಂದೇ ಕಡೆಗೆ ಬೆರಳು ತೋರಿದರೂ ಹೊಟ್ಟಿನ ಪರೀಕ್ಷೆ ಮಾಡಿಸಿದರೆ ಸಂಶಯ ಬಹುಮಟ್ಟಿಗೆ ತೀರುತ್ತದೆ.

ಹೊಟ್ಟಿನ ಪರೀಕ್ಷೆ

ಈ ಪರೀಕ್ಷೆಗೆ ಬೇಕಾದದ್ದು ಒಂದು ಮೊಂಡು ಬ್ಲೇಡು, ಒಂದು ಗಾಜಿನ ಸ್ಲೈಡು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣ ಮತ್ತು ಸಾಧಾರಣ ಸೂಕ್ಷ್ಮದರ್ಶಕ. ಪೊಟ್ಯಾಶಿಯಂ ಹೈಡ್ರಾಕ್ಸೈಡಿನ ಸಂಕೇತ KOH ಆದ್ದರಿಂದ ಆಸ್ಪತ್ರೆಗಳಲ್ಲಿ ಇದನ್ನು ಕೆಓಎಚ್ ಪರೀಕ್ಷೆ ಎಂದೇ ಕರೆಯುತ್ತಾರೆ.

ಮೊದಲು ಮಚ್ಚೆಯನ್ನು ಸ್ಪಿರಿಟ್ಟಿನಿಂದ ಒರೆಸುತ್ತಾರೆ. ಮುಲಾಮಿನ ಜಿಡ್ಡು ಇದರಿಂದ ಹೋಗುತ್ತದೆ. ಆಮೇಲೆ ಬ್ಲೇಡಿನ ಅಂಚನ್ನು ಚರ್ಮಕ್ಕೆ ನೆಟ್ಟಗೆ ಹಿಡಿದು, ಉಂಗುರದ ಎದ್ದ ಬದುವಿನ ಮೇಲೆ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ಕೆರೆಯುತ್ತಾರೆ. ರಕ್ತ ಬರುವಷ್ಟು ಕೆರೆಯಬಾರದು, ನೋವೂ ಆಗಬಾರದು. ಹಿಟ್ಟಿನಂತೆ ಉದುರುವ ಬಿಳಿ ಹೊಟ್ಟು ಸ್ಲೈಡಿನ ಮೇಲೆ ಬಿದ್ದರೆ ಸಾಕು. ಅದಕ್ಕೆ 10ರಿಂದ 20 ಶೇಕಡಾ ಪೊಟ್ಯಾಶಿಯಂ ಹೈಡ್ರಾಕ್ಸೈಡಿನ ಒಂದು ಹನಿ ಹಾಕಿ, ತೆಳು ಗಾಜು ಮುಚ್ಚಿ, ಹತ್ತು ಇಪ್ಪತ್ತು ನಿಮಿಷ ಬಿಡುತ್ತಾರೆ. ಕ್ಷಾರವು ಚರ್ಮದ ಕೋಶಗಳನ್ನು ಮೆತ್ತಗೆ ಮಾಡಿ ಪಾರದರ್ಶಕವಾಗಿಸುತ್ತದೆ. ಶಿಲೀಂಧ್ರದ ಗೋಡೆ ಅಷ್ಟು ಬೇಗ ಕರಗುವುದಿಲ್ಲ, ಹಾಗಾಗಿ ಎಳೆಗಳು ಉಳಿದುಕೊಂಡು ಕಾಣಿಸುತ್ತವೆ.

ಸೂಕ್ಷ್ಮದರ್ಶಕದ ಬೆಳಕನ್ನು ತಗ್ಗಿಸಿ, ಮೊದಲು ಹತ್ತು ಪಟ್ಟಿನ ಮಸೂರದಲ್ಲಿ ಹುಡುಕಿ ಆಮೇಲೆ ನಲವತ್ತು ಪಟ್ಟಿನ ಮಸೂರಕ್ಕೆ ಹೋಗುತ್ತಾರೆ. ಶಿಲೀಂಧ್ರವಿದ್ದರೆ ಮಸುಕು ಹಸಿರು ಹೊಳಪಿನ ಉದ್ದನೆಯ ಎಳೆಗಳು ಕಾಣುತ್ತವೆ. ಅವುಗಳ ದಪ್ಪ ಉದ್ದಕ್ಕೂ ಒಂದೇ ಸಮ, ನಡುನಡುವೆ ಅಡ್ಡ ಗೋಡೆಗಳು, ಅಲ್ಲಲ್ಲಿ ಕವಲು. ಬಹಳ ಮುಖ್ಯವಾದ ಗುರುತೆಂದರೆ ಅವು ಚರ್ಮಕೋಶಗಳ ಗಡಿಗಳನ್ನು ಲೆಕ್ಕಿಸದೆ ಅಡ್ಡಹಾದು ಹೋಗುತ್ತವೆ. ಹೊಸಬರು ಕೋಶಗಳ ಗಡಿಗೆರೆಗಳನ್ನೇ ಶಿಲೀಂಧ್ರವೆಂದು ತಿಳಿಯುವುದುಂಟು, ಬಟ್ಟೆಯ ಹತ್ತಿನೂಲನ್ನು ಹಾಗೆಂದುಕೊಳ್ಳುವುದೂ ಉಂಟು. ಗಡಿಗೆರೆಗಳು ಕೋಶದ ಆಕಾರವನ್ನೇ ಹಿಡಿದು ಸಾಗುತ್ತವೆ, ಹತ್ತಿನೂಲು ಸಾಮಾನ್ಯವಾಗಿ ಶಿಲೀಂಧ್ರದ ಎಳೆಗಿಂತ ಬಹಳ ದಪ್ಪ.

ಪರೀಕ್ಷೆಗೂ ಮಿತಿಗಳಿವೆ. ಮಚ್ಚೆಯ ನಡುವಿನಿಂದ ಕೆರೆದರೆ, ಅಥವಾ ರೋಗಿ ಕೆಲವು ದಿನಗಳಿಂದ ಶಿಲೀಂಧ್ರನಾಶಕ ಮುಲಾಮು ಹಚ್ಚುತ್ತಿದ್ದರೆ, ಕಾಯಿಲೆ ಇದ್ದರೂ ಎಳೆಗಳು ಸಿಗದಿರಬಹುದು. ಸಂಶಯ ಉಳಿದರೆ ವೈದ್ಯರು ಮುಲಾಮನ್ನು ಕೆಲವು ದಿನ ನಿಲ್ಲಿಸಿ ಮತ್ತೆ ಕೆರೆದು ನೋಡುತ್ತಾರೆ, ಅಥವಾ ಹೊಟ್ಟನ್ನು ಸಬುರೊ ಮಾಧ್ಯಮದಲ್ಲಿ ಬೆಳೆಸಲು ಕಳಿಸುತ್ತಾರೆ. ಹುಳುಕಡ್ಡಿಯ ಅಧ್ಯಯನಕ್ಕೆ ಬದುಕು ಕೊಟ್ಟ ಫ್ರೆಂಚ್ ವೈದ್ಯ ರೇಮೊ ಸಬುರೊನ ಹೆಸರು ಅದಕ್ಕಿದೆ. ಬೆಳೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಶಿಲೀಂಧ್ರದ ಜಾತಿ ಯಾವುದೆಂದು ಅದರಿಂದ ತಿಳಿಯುತ್ತದೆ.

ಮಿಶ್ರ ಮುಲಾಮು ಮತ್ತು ವೇಷ ಮರೆಸಿದ ಸೋಂಕು

ಮೆಡಿಕಲ್ ಶಾಪಿನಲ್ಲಿ ತುರಿಕೆಗೆಂದು ಕೇಳಿದರೆ ಬಹಳ ಸಲ ಸಿಗುವುದು ಮಿಶ್ರ ಮುಲಾಮು. ಒಂದೇ ಟ್ಯೂಬಿನಲ್ಲಿ ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ ಮತ್ತು ಕ್ಲೊಬೆಟಾಸೋಲ್‌ನಂಥ ಪ್ರಬಲ ಸ್ಟೀರಾಯ್ಡ್ ಮೂರೂ ಇರುತ್ತವೆ. ಕಾಯಿಲೆ ಯಾವುದಿದ್ದರೂ ಒಂದಾದರೂ ತಾಗೀತು ಎಂಬ ಲೆಕ್ಕಾಚಾರ ಮೇಲ್ನೋಟಕ್ಕೆ ಸರಿಯೆನಿಸಬಹುದು. ಚರ್ಮದ ಮೇಲೆ ನಡೆಯುವುದು ಬೇರೆ. ಉಂಗುರದ ನಡುವನ್ನು ತಿಳಿಮಾಡುತ್ತಿದ್ದದ್ದು ದೇಹದ ಉರಿಯೂತ. ಸ್ಟೀರಾಯ್ಡ್ ಅದನ್ನೇ ತಣ್ಣಗಾಗಿಸುತ್ತದೆ. ತುರಿಕೆ ನಿಲ್ಲುತ್ತದೆ, ಕೆಂಪು ಮಾಯವಾಗುತ್ತದೆ, ಅಂಚಿನ ಬದು ಕರಗುತ್ತದೆ. ಕಾವಲುಗಾರ ಮಲಗಿದ ಮೇಲೆ ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ. ಮುಲಾಮು ಬಿಟ್ಟ ಕೆಲವೇ ದಿನಗಳಲ್ಲಿ ತುರಿಕೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ರೋಗಿ ಮತ್ತೆ ಅದೇ ಟ್ಯೂಬಿಗೆ ಕೈಚಾಚುತ್ತಾನೆ.

ಹೀಗೆ ರೂಪ ಕಳೆದುಕೊಂಡ ಹುಳುಕಡ್ಡಿಯನ್ನು 1968ರಲ್ಲಿ ಬ್ರಿಟನ್ನಿನ ಐವ್ ಮತ್ತು ಮಾರ್ಕ್ಸ್ ಎಂಬ ವೈದ್ಯರು ಟೀನಿಯಾ ಇನ್‌ಕಾಗ್ನಿಟೊ ಎಂದು ಕರೆದರು. ವೇಷ ಮರೆಸಿಕೊಂಡ ಟೀನಿಯಾ ಎಂದು ಅದರ ಅರ್ಥ. ಇದರಲ್ಲಿ ಅಂಚು ಸ್ಪಷ್ಟವಿಲ್ಲ, ಹೊಟ್ಟು ಕಡಿಮೆ, ನೋಡಿದರೆ ಇಸುಬಿನಂತೆಯೇ ಇರುತ್ತದೆ. ಒಂದು ಉಂಗುರದ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳಂತೆ ಕಂಡರೆ ಸ್ಟೀರಾಯ್ಡ್ ಬಿದ್ದಿದೆ ಎಂದು ವೈದ್ಯರು ಊಹಿಸುತ್ತಾರೆ. ತೊಡೆಸಂದಿಯಲ್ಲಿ ತಿಂಗಳುಗಟ್ಟಲೆ ಹಚ್ಚಿದವರಿಗೆ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನ ಗೆರೆಗಳಂಥ ಕೆನ್ನೇರಳೆ ಸೀಳುಗೆರೆಗಳು ಮೂಡುತ್ತವೆ. ಸೋಂಕು ವಾಸಿಯಾದರೂ ಆ ಗೆರೆಗಳು ಉಳಿದುಬಿಡುತ್ತವೆ.

2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಹಾಗಿದ್ದರೂ ಚೀಟಿಯಿಲ್ಲದ ಮಾರಾಟ ನಿಂತಿಲ್ಲ. ಟ್ಯೂಬಿನ ಮೇಲಿನ ಹೆಸರುಗಳಲ್ಲಿ ಕ್ಲೊಬೆಟಾಸೋಲ್, ಬೀಟಾಮೆಥಸೋನ್, ಮೊಮೆಟಸೋನ್ ಇವುಗಳಲ್ಲಿ ಒಂದಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಬೇಕು.

ಇದರ ಜೊತೆಗೆ ಶಿಲೀಂಧ್ರವೂ ಬದಲಾಗಿದೆ. ಕಳೆದ ದಶಕದಲ್ಲಿ ಭಾರತದಾದ್ಯಂತ ಹುಳುಕಡ್ಡಿ ಹೆಚ್ಚಿತು, ಹಳೆಯ ಮದ್ದಿಗೆ ಬಗ್ಗದಾಯಿತು. ಇದಕ್ಕೆ ಕಾರಣವಾದ ಬಗೆಗೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಅಲ್ಲಿ ನೆಲೆಸಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಅದು ಸಿಕ್ಕಿತ್ತು. ಟರ್ಬಿನಾಫಿನ್ ಎಂಬ ಸಾಮಾನ್ಯ ಔಷಧ ಶಿಲೀಂಧ್ರದ ಒಂದು ಕಿಣ್ವಕ್ಕೆ ಅಂಟಿ ಅದನ್ನು ಕೊಲ್ಲುತ್ತದೆ. ಈ ಬಗೆಯ ಹಲವು ತಳಿಗಳಲ್ಲಿ ಆ ಕಿಣ್ವದ ಜೀನೇ ಮಾರ್ಪಟ್ಟಿದ್ದು, ಔಷಧಕ್ಕೆ ಹಿಡಿತ ಸಿಗುವುದಿಲ್ಲ. 2023ರಲ್ಲಿ ನ್ಯೂಯಾರ್ಕ್ ನಗರದಲ್ಲೂ ಇದು ಪತ್ತೆಯಾಯಿತು.

ಒಂದು ಮಾದರಿ ಪ್ರಕರಣ

ಮಳೆಗಾಲದ ಚರ್ಮ ಚಿಕಿತ್ಸಾಲಯಗಳಿಗೆ ಬರುವ ಬಗೆಯ ರೋಗಿಯೊಬ್ಬನನ್ನು ಮಾದರಿಯಾಗಿ ಇಟ್ಟುಕೊಂಡರೆ ಮೇಲಿನ ಮಾತುಗಳು ಹೆಚ್ಚು ಸ್ಪಷ್ಟವಾಗುತ್ತವೆ. ಕರಾವಳಿಯ ಹೋಟೆಲೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ, 38 ವರ್ಷದ ವ್ಯಕ್ತಿ. ಜೂನ್ ಕೊನೆಯಲ್ಲಿ ಎರಡೂ ಕಾಲುಗಳ ಮುಂಭಾಗದಲ್ಲಿ, ಗಂಬೂಟಿನ ಅಂಚು ಉಜ್ಜುವ ಜಾಗದ ಕೆಳಗೆ, ಐದು ರೂಪಾಯಿ ನಾಣ್ಯದಷ್ಟು ದೊಡ್ಡ ಬಿಲ್ಲೆಗಳು ಎದ್ದು ನೀರು ಸುರಿದವು. ಎರಡು ವಾರದಲ್ಲಿ ಸೊಂಟದ ಬಲಬದಿಯಲ್ಲಿ, ಒಳಉಡುಪಿನ ಎಲಾಸ್ಟಿಕ್ ಕೂರುವ ಗೆರೆಯಲ್ಲಿ, ಕೆಂಪು ಉಂಗುರವೊಂದು ಕಂಡಿತು. ಸಹೋದ್ಯೋಗಿ ಕೊಟ್ಟ ಮಿಶ್ರ ಮುಲಾಮನ್ನು ಎರಡಕ್ಕೂ ಹಚ್ಚಿದ. ಹತ್ತು ದಿನದಲ್ಲಿ ಕಾಲಿನ ಬಿಲ್ಲೆಗಳು ಒಣಗಿ ಮಾಸಿದವು. ಸೊಂಟದ ತುರಿಕೆಯೂ ನಿಂತಿತು. ಟ್ಯೂಬು ಮುಗಿದ ಎರಡು ವಾರಕ್ಕೆ ಸೊಂಟದಲ್ಲಿ ಉಂಗುರದೊಳಗೆ ಉಂಗುರ ಮೂಡಿ, ಕಾಯಿಲೆ ತೊಡೆಸಂದಿಗೆ ಇಳಿಯಿತು. ಹೆಂಡತಿಗೂ ಮಗಳಿಗೂ ತುರಿಕೆ ಶುರುವಾಯಿತು. ಸೋಪಿನ ಕೆಲಸ ಮುಂದುವರಿದಿದ್ದರಿಂದ ಕಾಲಿನಲ್ಲೂ ಒಂದೆರಡು ಬಿಲ್ಲೆ ಮತ್ತೆ ಎದ್ದವು.

ಇಲ್ಲಿ ವೈದ್ಯರು ಒಂದೇ ಕಾಯಿಲೆ ಇದೆಯೆಂದು ಭಾವಿಸಿದರೆ ಅರ್ಧ ತಪ್ಪುತ್ತಾರೆ. ಸೊಂಟದ ಅಂಚಿನಿಂದಲೂ ಕಾಲಿನ ಬಿಲ್ಲೆಯಿಂದಲೂ ಬೇರೆ ಬೇರೆ ಸ್ಲೈಡುಗಳಲ್ಲಿ ಹೊಟ್ಟು ತೆಗೆಯಬೇಕು. ಇಂಥ ರೋಗಿಯಲ್ಲಿ ಸೊಂಟದ ಸ್ಲೈಡಿನಲ್ಲಿ ಕವಲೊಡೆದ ಎಳೆಗಳು ಸಿಗುತ್ತವೆ, ಕಾಲಿನದರಲ್ಲಿ ಸಿಗುವುದಿಲ್ಲ. ಇವನಿಗಿರುವುದು ಎರಡು ಕಾಯಿಲೆ: ಕಾಲಿನಲ್ಲಿ ನಾಣ್ಯ ಇಸುಬು, ಸೊಂಟದಲ್ಲಿ ವೇಷ ಮರೆಸಿದ ಹುಳುಕಡ್ಡಿ. ಆದ್ದರಿಂದ ಎರಡು ಬೇರೆ ಟ್ಯೂಬು, ಎರಡರ ಮೇಲೂ ದೊಡ್ಡದಾಗಿ ಕಾಲು, ಸೊಂಟ ಎಂದು ಬರೆದ ಚೀಟಿ ಬೇಕು. ಕಾಲಿಗೆ ಸ್ಟೀರಾಯ್ಡ್ ಹಚ್ಚಿದ ಕೈಯನ್ನು ತೊಳೆಯದೆ ಸೊಂಟ ಮುಟ್ಟಬಾರದು. ಹೆಂಡತಿ ಮತ್ತು ಮಗಳ ಚಿಕಿತ್ಸೆ ಅದೇ ದಿನ ಶುರುವಾಗಬೇಕು. ಇಲ್ಲವಾದರೆ ಅವನು ವಾಸಿಯಾದ ತಿಂಗಳಿಗೆ ಅವರಿಂದಲೇ ಸೋಂಕು ಮರಳುತ್ತದೆ.

ಚಿಕಿತ್ಸೆ

ಹುಳುಕಡ್ಡಿ ಒಂದೆರಡು ಉಂಗುರಗಳಷ್ಟೇ ಇದ್ದರೆ ಲುಲಿಕೊನಜೋಲ್ ಅಥವಾ ಟರ್ಬಿನಾಫಿನ್‌ನಂಥ, ಸ್ಟೀರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಮುಲಾಮು ಸಾಕಾಗಬಹುದು. ಅದನ್ನು ಉಂಗುರದ ಮೇಲಷ್ಟೇ ಹಚ್ಚಿದರೆ ಪ್ರಯೋಜನವಿಲ್ಲ. ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಆಚೆಯ ಆರೋಗ್ಯದ ಚರ್ಮದಿಂದ ಶುರುಮಾಡಿ ಒಳಕ್ಕೆ ಬರಬೇಕು, ಏಕೆಂದರೆ ಕಣ್ಣಿಗೆ ಕಾಣದ ಎಳೆಗಳು ಅಂಚಿನ ಹೊರಗೂ ಚಾಚಿಕೊಂಡಿರುತ್ತವೆ. ಮಚ್ಚೆ ಮಾಯವಾದ ಮೇಲೂ ಎರಡು ವಾರ ಹಚ್ಚಬೇಕು. ಬಹಳಷ್ಟು ಸಲ ಕಾಯಿಲೆ ಮರಳುವುದು ತುರಿಕೆ ನಿಂತ ದಿನವೇ ಟ್ಯೂಬು ಪಕ್ಕಕ್ಕಿಟ್ಟಿದ್ದರಿಂದ.

ಹಲವು ಜಾಗಗಳಿಗೆ ಹಬ್ಬಿದ್ದರೆ, ಸ್ಟೀರಾಯ್ಡ್ ಬಿದ್ದಿದ್ದರೆ ಅಥವಾ ಮರುಕಳಿಸಿದ್ದರೆ ಮಾತ್ರೆ ಬೇಕಾಗುತ್ತದೆ. ಇಂಡೋಟಿನಿಯೇ ಬಗೆಗೆ ಹೆಚ್ಚಾಗಿ ಇಟ್ರಾಕೊನಜೋಲ್ ಕೊಡುತ್ತಾರೆ, ಅದೂ ಆರು ವಾರ ಅಥವಾ ಅದಕ್ಕೂ ಮೀರಿ. ಅದರ ಕ್ಯಾಪ್ಸೂಲನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಗ್ಯಾಸ್ಟ್ರಿಕ್‌ಗೆಂದು ಆಮ್ಲ ತಗ್ಗಿಸುವ ಮಾತ್ರೆ ಜೊತೆಗೇ ನುಂಗಿದರೆ ಔಷಧ ಮೈಗೆ ಹತ್ತುವುದಿಲ್ಲ. ಹೃದಯ ವೈಫಲ್ಯ ಅಥವಾ ಯಕೃತ್ತಿನ ತೊಂದರೆ ಇರುವವರು, ಬಸುರಿಯರು, ಬೇರೆ ಮಾತ್ರೆಗಳನ್ನು ನುಂಗುತ್ತಿರುವವರು ಇದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಬಟ್ಟೆಯ ವಿಚಾರ ಔಷಧದಷ್ಟೇ ತೂಕದ್ದು. ರೋಗಿಯ ಟವೆಲು, ಒಳಉಡುಪು, ಹೊದಿಕೆಗಳನ್ನು ಬೇರೆಯಾಗಿ, 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಬಿಸಿಲಿಲ್ಲದ ದಿನ ಒಳಮಗ್ಗುಲಿಗೆ, ಅದರಲ್ಲೂ ಎಲಾಸ್ಟಿಕ್ ಪಟ್ಟಿ ಮತ್ತು ಹೊಲಿಗೆಗಳ ಮೇಲೆ ಇಸ್ತ್ರಿ ಹಾಕಿದರೆ ತೇವವಾದರೂ ಹೋಗುತ್ತದೆ.

ನಾಣ್ಯ ಇಸುಬಿನಲ್ಲಿ ಸ್ಟೀರಾಯ್ಡ್ ಮುಲಾಮೇ ಸರಿಯಾದ ಮದ್ದು. ವೈದ್ಯರು ಹೇಳಿದ ಶಕ್ತಿಯದ್ದನ್ನು, ಹೇಳಿದ ಎರಡರಿಂದ ನಾಲ್ಕು ವಾರ, ಬಿಲ್ಲೆಯ ಮೇಲೆ ಮಾತ್ರ ಹಚ್ಚಬೇಕು. ಸ್ನಾನವಾದ ಕೂಡಲೇ ಮೈ ಇನ್ನೂ ಹಸಿಯಾಗಿರುವಾಗ ಪೆಟ್ರೋಲಿಯಂ ಜೆಲ್ಲಿ ಅಥವಾ ವಾಸನೆಯಿಲ್ಲದ ಮಾಯಿಶ್ಚರೈಸರ್ ಸವರಿದರೆ ತಡೆಗೋಡೆ ಮರಳಿ ಕಟ್ಟಿಕೊಳ್ಳುತ್ತದೆ. ಬಿಸಿನೀರಿನ ಬದಲು ಉಗುರುಬೆಚ್ಚನೆಯ ನೀರು, ಒದ್ದೆ ಕೆಲಸಕ್ಕೆ ಕೈಗವಸು ಬೇಕು. ಹಳದಿ ಹಕ್ಕಳೆ ದಪ್ಪವಾಗಿ, ನೋವು ಮತ್ತು ಕೀವು ಸೇರಿದರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದರ್ಥ, ಅದಕ್ಕೆ ಬೇರೆ ಔಷಧ ಬೇಕು.

ಮನೆಮದ್ದಾಗಿ ತಗಚೆ ಮತ್ತು ಸೀಮೆ ಅಗಸೆ ಸೊಪ್ಪನ್ನು ಅರೆದು ಹುಳುಕಡ್ಡಿಗೆ ಹಚ್ಚುವ ರೂಢಿ ಹಳೆಯದು. ಸೀಮೆ ಅಗಸೆಯ ಎಲೆಗೆ ಶಿಲೀಂಧ್ರವನ್ನು ತಡೆಯುವ ಗುಣ ತುಸು ಇದೆ. ಆದರೆ ಅದೇ ಅರಪನ್ನು ಸೋರುವ ಇಸುಬಿನ ಮೇಲೆ ಹಚ್ಚಿದರೆ ಕೆರಳಿಕೆ ಇಮ್ಮಡಿಸುತ್ತದೆ. ಹಸಿ ಬೆಳ್ಳುಳ್ಳಿ ಜಜ್ಜಿ ಕಟ್ಟಿದರಂತೂ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ಆಮೇಲೆ ಯಾವ ಕಾಯಿಲೆ ಇತ್ತೆಂದು ಹೇಳುವುದೇ ಕಷ್ಟವಾಗುತ್ತದೆ.

ಉಂಗುರದಂತೆ ಕಾಣುವ ಇತರ ಕಾಯಿಲೆಗಳು

ಸೋರಿಯಾಸಿಸ್‌ನ ಮಚ್ಚೆಗಳ ಮೇಲೆ ಬೆಳ್ಳಿಯಂಥ ದಪ್ಪ ಹೊಟ್ಟಿರುತ್ತದೆ, ಮೊಣಕೈ, ಮೊಣಕಾಲು ಮತ್ತು ತಲೆಯಲ್ಲೂ ಹುಡುಕಿದರೆ ಸಿಗುತ್ತದೆ. ಪಿಟಿರಿಯಾಸಿಸ್ ರೋಸಿಯಾದಲ್ಲಿ ಮೊದಲು ಎದೆ ಅಥವಾ ಬೆನ್ನಿನ ಮೇಲೆ ಒಂದು ದೊಡ್ಡ ಅಂಡಾಕಾರದ ಮಚ್ಚೆ ಎದ್ದು, ವಾರ ಎರಡು ವಾರದಲ್ಲಿ ಸಣ್ಣವು ಹರಡುತ್ತವೆ. ಅದರ ಹೊಟ್ಟು ಅಂಚಿನ ಒಳಮಗ್ಗುಲಿಗೆ ಅಂಟಿಕೊಂಡಿರುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಹೊಟ್ಟೂ ಇಲ್ಲದೆ ತುರಿಕೆಯೂ ಇಲ್ಲದೆ ನುಣುಪಾಗಿ ಎದ್ದ ಉಂಗುರ ಗ್ರಾನ್ಯುಲೋಮಾ ಆನ್ಯುಲಾರೆ ಆಗಿರಬಹುದು.

ಇವೆಲ್ಲಕ್ಕಿಂತ ಎಚ್ಚರ ಬೇಕಾದದ್ದು ಕುಷ್ಠರೋಗದ ವಿಚಾರದಲ್ಲಿ. ಅದರ ಮಚ್ಚೆಯೂ ಅಂಚೆದ್ದ ಉಂಗುರದಂತೆ ಇರಬಲ್ಲದು. ಆದರೆ ಅದು ತುರಿಸುವುದಿಲ್ಲ, ಅಲ್ಲಿ ಬೆವರು ಬರುವುದು ಕಡಿಮೆ, ಸ್ಪರ್ಶದ ಅರಿವೂ ಮಂಕಾಗಿರುತ್ತದೆ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮೊದಲು ಆರೋಗ್ಯದ ಚರ್ಮವನ್ನೂ ಆಮೇಲೆ ಮಚ್ಚೆಯನ್ನೂ ಸವರಿ, ತಾಗಿದಾಗಲೆಲ್ಲ ಹೇಳುವಂತೆ ಕೇಳಬೇಕು. ಮಚ್ಚೆಯ ಮೇಲೆ ಉತ್ತರ ಬಾರದಿದ್ದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಇದರ ಔಷಧ ಉಚಿತ, ನರಗಳಿಗೆ ಹಾನಿಯಾಗುವ ಮೊದಲು ಶುರುವಾದರೆ ಕಾಯಿಲೆ ಪೂರ್ತಿ ವಾಸಿಯಾಗುತ್ತದೆ. ತುರಿಸುವ ಉಂಗುರ ನಿದ್ದೆ ಕೆಡಿಸಿ ತಾನೇ ವೈದ್ಯರ ಬಳಿಗೆ ಕರೆದೊಯ್ಯುತ್ತದೆ. ತುರಿಸದ ಉಂಗುರದ ಮೇಲೆ ಮನೆಯವರೇ ಕಣ್ಣಿಡಬೇಕು.